ಬ್ಯಾಟರಿ ತೆಗೆದು ಹಿಂದೆ ನೋಡಿ

2007ರ ಆಗಸ್ಟ್ 14ರಂದು ನೋಕಿಯಾ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ತನ್ನ ಬಿಎಲ್-5ಸಿ ಎಂಬ ಬ್ಯಾಟರಿಗಳಲ್ಲಿ ಒಂದಷ್ಟು, ಚಾರ್ಜ್ ಆಗುವಾಗ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ ವಿಪರೀತ ಬಿಸಿಯಾಗಬಹುದು, ಜಾಗ ಬಿಟ್ಟು ಹೊರಕ್ಕೆ ಬರಬಹುದು ಎಂದು ಅದರಲ್ಲಿತ್ತು. ಅಂಥ ಬ್ಯಾಟರಿಗಳ ಸಂಖ್ಯೆ 4 ಕೋಟಿ 60 ಲಕ್ಷ. ಪ್ರಪಂಚದಾದ್ಯಂತ ಅಲ್ಲಿಯವರೆಗೆ ವರದಿಯಾಗಿದ್ದ ಘಟನೆಗಳು ಸುಮಾರು 100. ಆ ಕಾಲಕ್ಕೆ ನೋಕಿಯಾ 1100, 1110, 1600, ದುಡ್ಡಿದ್ದವರ 6600, ಎಲ್ಲದರ ಹೊಟ್ಟೆಯಲ್ಲೂ ಇದ್ದದ್ದು ಇದೇ ಬ್ಯಾಟರಿ. ನಮ್ಮ ಮಾಕಳಿದುರ್ಗದಂಥ ಊರಿನಲ್ಲಿ ಮೊಬೈಲ್ ಅಂದರೇನೇ ನೋಕಿಯಾ. ಬೆಟ್ಟದ ಬುಡದಲ್ಲಿ ರೈಲು ಹಳಿ, ಹಳಿಯಿಂದ ಒಂದಿಷ್ಟು ದೂರಕ್ಕೆ ನನ್ನ ಸೋದರಮಾವನ ಅಂಗಡಿ. ಬೀಡಿ, ಬಿಸ್ಕತ್ತು, ಸೋಪಿನ ಜೊತೆಗೆ ಆ ವರ್ಷ ಹೊಸದಾಗಿ ಕರೆನ್ಸಿ ಹಾಕಿಕೊಡುವ ವ್ಯಾಪಾರವೂ ಶುರುವಾಗಿತ್ತು. ನಾನು ದೊಡ್ಡಬಳ್ಳಾಪುರದಲ್ಲಿ ಓದುತ್ತಿದ್ದೆ, ರಜೆ ಬಂದರೆ ಅಂಗಡಿಯಲ್ಲಿ ಕೂರುತ್ತಿದ್ದೆ.

ಪ್ರಕಟಣೆ ಊರಿಗೆ ಬಂದದ್ದು ಪ್ರಕಟಣೆಯಾಗಿ ಅಲ್ಲ, ಟಿವಿಯಲ್ಲಿ ಯಾರೋ ನೋಡಿ ಬಂದು ಹೇಳಿದ ಸುದ್ದಿಯಾಗಿ. 'ಮೊಬೈಲು ಬಾಂಬಿನ ಥರ ಸಿಡೀತದಂತೆ' ಎನ್ನುವುದು ಸಂಜೆಯೊಳಗೆ ಎಲ್ಲರ ಬಾಯಲ್ಲೂ ಇತ್ತು. ನಮ್ಮ ಹಿಂದಿನ ಬೀದಿಯ ಒಬ್ಬ ಅಜ್ಜಿ, ಮಗ ಬೆಂಗಳೂರಿನಿಂದ ಕೊಡಿಸಿದ್ದ 1100 ಫೋನನ್ನು ಒಂದು ಬಟ್ಟೆ ಚೀಲಕ್ಕೆ ಹಾಕಿ, ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ ಬಾಗಿಲು ಎಳೆದುಕೊಂಡಿದ್ದರು. ಎರಡು ದಿನ ಮಗ ಫೋನ್ ಮಾಡಿ ಮಾಡಿ ಸುಸ್ತಾಗಿ, ಕೊನೆಗೆ ಮಾವನ ಅಂಗಡಿಗೆ ಮಾಡಿದ. "ಅವ್ವಂಗೇನಾಯ್ತು ಮಾಮಾ, ಫೋನ್ ಎತ್ತುತಾನೇ ಇಲ್ಲ" ಎಂದ. ಕರೆದುಕೊಂಡು ಬಂದು ಕೇಳಿದರೆ ಅಜ್ಜಿ, "ಹಸ ಕರಾ ಹೊರಗೆ ಕಟ್ಟಿ ಇಕ್ಕಿದೀನಿ ಕಣಪ್ಪ, ಸಿಡುದ್ರೆ ಕೊಟ್ಟಿಗೆ ಹೋಗ್ಲಿ" ಎಂದರು. ಫೋನ್ ಅಲ್ಲಿ ಚಾರ್ಜಿಗೆ ಹಾಕಿರಲಿಲ್ಲ, ಸುಮ್ಮನೆ ನೇತಾಡುತ್ತಿತ್ತು. ಕಂಪನಿಯ ಪ್ರಕಟಣೆಯ ಪ್ರಕಾರ ಎಲ್ಲ ಘಟನೆಗಳೂ ನಡೆದದ್ದು ಚಾರ್ಜ್ ಆಗುವಾಗ ಮಾತ್ರ. ಅಂದರೆ ಅಜ್ಜಿ ಎರಡು ದಿನ ಮಗನ ದನಿ ಕೇಳದೆ ಇದ್ದದ್ದಕ್ಕೆ ಕಾರಣವೇ ಇರಲಿಲ್ಲ. ಆದರೆ ಆ ಒಂದು ವಾಕ್ಯ ಅವರವರೆಗೆ ಬಂದಿರಲಿಲ್ಲ.

ಅಪಾಯದ ಸುದ್ದಿ ಓಡುವಷ್ಟು ಜೋರಾಗಿ ಅದರ ಮಿತಿ ಓಡುವುದಿಲ್ಲ. ನಾನು ಈಗ ಮಾಡುವ ಕೆಲಸಕ್ಕೂ ಇದಕ್ಕೂ ಸಂಬಂಧವಿರುವುದರಿಂದ ಆ ಪ್ರಕಟಣೆಯನ್ನು ಆಮೇಲೆ ಹಲವು ಸಲ ಬಿಡಿಸಿ ನೋಡಿದ್ದೇನೆ. ಅದರಲ್ಲಿ ಎರಡು ಥರದ ಬರವಣಿಗೆ ಒಟ್ಟಿಗೇ ಇದೆ. ಒಂದು, ಮಾತನ್ನು ಮೆತ್ತಗೆ ಮಾಡುವ ಬರವಣಿಗೆ. ಅದಕ್ಕೆ 'ರೀಕಾಲ್' ಎಂದು ಹೆಸರಿಡದೆ 'ಪ್ರಾಡಕ್ಟ್ ಅಡ್ವೈಸರಿ', ಅಂದರೆ ಸಲಹೆ, ಎಂದು ಕರೆದಿದ್ದರು. ಬಿಸಿಯಾಗುತ್ತದೆ ಎನ್ನದೆ ಬಿಸಿಯಾಗುವ ಸಾಧ್ಯತೆ ಇರಬಹುದು ಎಂದಿದ್ದರು. ಇನ್ನೊಂದು, ಗಡಿ ಹಾಕುವ ಬರವಣಿಗೆ. ಬಿಎಲ್-5ಸಿ ಬ್ಯಾಟರಿಗಳನ್ನು ಹಲವು ಕಂಪನಿಗಳು ಮಾಡಿಕೊಡುತ್ತವೆ, ಒಟ್ಟು 30 ಕೋಟಿಗೂ ಹೆಚ್ಚು ತಯಾರಾಗಿವೆ, ಅದರಲ್ಲಿ ಜಪಾನಿನ ಮತ್ಸುಷಿತಾ ಬ್ಯಾಟರಿ ಕಂಪನಿ 2005ರ ಡಿಸೆಂಬರಿನಿಂದ 2006ರ ನವೆಂಬರಿನ ನಡುವೆ ಮಾಡಿದವು ಮಾತ್ರ ಈ ಲೆಕ್ಕಕ್ಕೆ ಬರುತ್ತವೆ, ನಿಮ್ಮದು ಅದೇ ಹೌದೋ ಅಲ್ಲವೋ ಎಂದು ನೀವೇ ನೋಡಿಕೊಳ್ಳಬಹುದು, ಹೌದಾದರೆ ಬ್ಯಾಟರಿ ಪುಕ್ಕಟೆಯಾಗಿ ಬದಲಿಸಿಕೊಡುತ್ತೇವೆ ಎಂಬುದು. ಮೊದಲನೆಯ ಥರದ ಬರವಣಿಗೆ ಯಾರನ್ನೂ ಸಮಾಧಾನ ಮಾಡಲಿಲ್ಲ. ಎರಡನೆಯದು ತಲುಪಿದ ಕಡೆಯಲ್ಲೆಲ್ಲ ಜನ ತಣ್ಣಗಾದರು. ನಮ್ಮ ಅಂಗಡಿಯಲ್ಲಿ ನಾನು ಕಣ್ಣಾರೆ ನೋಡಿದ್ದು ಇದನ್ನೇ.

ಮಾವ ಮೊದಲು ಒಂದು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ನೋಕಿಯಾ ಬ್ಯಾಟರಿ ಡೇಂಜರ್, ಯಾರೂ ಗಾಬರಿಯಾಗಬೇಡಿ' ಎಂದು ಬರೆದು ನೇತುಹಾಕಿದರು. ಓದಿದವರೆಲ್ಲ ಗಾಬರಿಯಾದರು. 'ಗಾಬರಿಯಾಗಬೇಡಿ' ಎಂಬ ಮಾತಿನ ಗುಣವೇ ಅದು. ಆಸ್ಪತ್ರೆಯಿಂದ ಫೋನ್ ಮಾಡಿದವರು ಮೊದಲು ಅದನ್ನೇ ಹೇಳಿದರೆ ನಮ್ಮ ಎದೆ ಏನಾಗುತ್ತದೆಯೋ ಅದೇ ಇಲ್ಲೂ ಆಗುತ್ತದೆ. ಓದಿದವನ ಕೈಗೆ ಮಾಡಲು ಒಂದು ಕೆಲಸವೂ ಸಿಗುವುದಿಲ್ಲ, ಕೈ ಖಾಲಿ ಇದ್ದಾಗಲೇ ತಲೆ ಓಡುವುದು.

ಪೇಪರಿನಲ್ಲಿ ಬಂದಿದ್ದ ವಿವರ ಇಟ್ಟುಕೊಂಡು ನಾವಿಬ್ಬರೂ ಕೂತು ರಟ್ಟಿನ ಹಿಂಬದಿಗೆ ಇನ್ನೊಂದು ಬರೆದೆವು. ಮೊದಲನೆಯ ಸಾಲು: 'ಫೋನ್ ಆಫ್ ಮಾಡಿ, ಬ್ಯಾಟರಿ ತೆಗೆದು ನೋಡಿ.' ಎರಡನೆಯದು ಒಂದು ಚಿತ್ರ. ಬ್ಯಾಟರಿಯ ಮೇಲೆ ಇಂಗ್ಲಿಷಿನಲ್ಲಿ ಹೇಗೆ ಅಚ್ಚಾಗಿರುತ್ತದೋ ಹಾಗೇ ಆ ಅಕ್ಷರಗಳನ್ನು ದಪ್ಪಗೆ ಬಿಡಿಸಿ ಸುತ್ತ ಒಂದು ಚೌಕ ಹಾಕಿದೆವು. ಇಂಗ್ಲಿಷ್ ಓದಲು ಬರದವರೂ ಅಕ್ಷರದ ಆಕಾರ ಹೊಂದಿಸಿ ನೋಡಬಹುದಲ್ಲ. 'ಈ ಗುರುತು ಇಲ್ಲದಿದ್ದರೆ ನಿಮ್ಮ ಬ್ಯಾಟರಿಗೆ ಏನೂ ತೊಂದರೆ ಇಲ್ಲ. ಇದ್ದರೆ ಅಂಗಡಿಯಲ್ಲಿ ತೋರಿಸಿ. ತೋರಿಸುವ ತನಕ ಚಾರ್ಜಿಗೆ ಹಾಕಬೇಡಿ, ಮಾತಾಡಬಹುದು' ಎಂದು ಮುಗಿಸಿದೆವು. ಕಂಪನಿ ಚಾರ್ಜ್ ಮಾಡುವಾಗ ಗಮನವಿಡಿ ಎಂದಷ್ಟೇ ಹೇಳಿತ್ತು. ರಾತ್ರಿ ದಿಂಬಿನ ಪಕ್ಕ ಚಾರ್ಜಿಗೆ ಹಾಕಿ ಮಲಗುವ ನಮ್ಮೂರಿನಲ್ಲಿ 'ಗಮನವಿಡಿ' ಎನ್ನುವುದರಿಂದ ಉಪಯೋಗವಿಲ್ಲ ಎಂದು ಮಾವನೇ ಅದನ್ನು 'ಹಾಕಬೇಡಿ' ಮಾಡಿದ್ದು.

ಬ್ಯಾಟರಿಯ ಹಿಂಬದಿಯಲ್ಲಿ 26 ಅಕ್ಷರಗಳ ಒಂದು ಗುರುತಿನ ಸಂಖ್ಯೆ ಇರುತ್ತಿತ್ತು. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ನಿಮ್ಮ ಬ್ಯಾಟರಿ ಆ ಕೂಟದ್ದೋ ಅಲ್ಲವೋ ಎಂದು ಹೇಳುತ್ತಿತ್ತು. ಊರಿನಲ್ಲಿ ಇಂಟರ್‌ನೆಟ್ ಎಲ್ಲಿಯದು? ಅಂಗಡಿಯ ಉದ್ದರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾನು ಒಂದೊಂದೇ ಸಂಖ್ಯೆ ಬರೆದುಕೊಂಡೆ. ಕಡಲೆಬೀಜಕ್ಕಿಂತ ಸಣ್ಣ ಅಕ್ಷರ. ಸೊನ್ನೆಯೋ ಓ ಅಕ್ಷರವೋ ಎಂದು ಒಂದೊಂದಕ್ಕೂ ಅನುಮಾನ. ಬಂದವರು ಕೇಳುತ್ತಿದ್ದ ಪ್ರಶ್ನೆಗಳು ಯಾವ ಪ್ರಕಟಣೆಯಲ್ಲೂ ಇರಲಿಲ್ಲ. "ಬ್ಯಾಟ್ರಿ ಕಿತ್ರೆ ನಂಬರೆಲ್ಲ ಅಳಿಸೋಯ್ತವಾ?" ಎನ್ನುವುದು ಎಲ್ಲಕ್ಕಿಂತ ದೊಡ್ಡ ಭಯ. ಸಿಡಿಯುವುದಕ್ಕಿಂತ ಅದೇ ಹೆಚ್ಚು. ಹೋಗುವುದಿಲ್ಲ, ಗಡಿಯಾರ ಮಾತ್ರ ತಿರುಗಿ ಇಡಬೇಕಾಗಬಹುದು ಎಂದು ಹೇಳಿದ ಮೇಲೆಯೇ ಫೋನ್ ಕೈಗೆ ಕೊಡುತ್ತಿದ್ದರು. ನಾನು ಈ ಮಾತನ್ನೂ ರಟ್ಟಿನ ಕೆಳಗೆ ಸೇರಿಸಿದೆ.

ಮರುದಿನ ಬೆಳಗಿನ ಪ್ಯಾಸೆಂಜರ್ ರೈಲಿಗೆ ದೊಡ್ಡಬಳ್ಳಾಪುರಕ್ಕೆ ಹೋಗಿ, ಸೈಬರ್ ಸೆಂಟರಿನಲ್ಲಿ ಕೂತು ಒಂದೊಂದಾಗಿ ಹೊಡೆದೆ. ಇಪ್ಪತ್ತಕ್ಕೆ ಹತ್ತಿರದ ಸಂಖ್ಯೆಗಳಲ್ಲಿ ಬದಲಿಸಬೇಕಾದವು ಎಂದು ಬಂದದ್ದು ಎರಡು. ಅಜ್ಜಿಯದು ಅದರಲ್ಲಿ ಇರಲಿಲ್ಲ. ಮೂರು ಸಂಖ್ಯೆಗಳನ್ನು ವೆಬ್‌ಸೈಟ್ ಗುರುತೇ ಹಿಡಿಯಲಿಲ್ಲ. ತಿರುಗಿ ಬಂದು ಆ ಬ್ಯಾಟರಿಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಅವು ನೋಕಿಯಾದವೇ ಅಲ್ಲ, ಹೆಸರು ಹಾಕಿಕೊಂಡ ಡೂಪ್ಲಿಕೇಟು. ಇದು ಇಂಥ ಪ್ರಕಟಣೆಗಳ ದೊಡ್ಡ ಮಿತಿ. ಕಂಪನಿ ತಾನು ಮಾಡಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ನೂರು ರೂಪಾಯಿಯ ನಕಲಿ ಬ್ಯಾಟರಿ ನಿಜವಾಗಿ ಹೆಚ್ಚು ಅಪಾಯದ್ದಾಗಿದ್ದರೂ ಅದನ್ನು ವಾಪಸ್ ಕರೆಯಲು ಯಾರೂ ಇಲ್ಲ. 'ಪಟ್ಟಿಯಲ್ಲಿ ಇಲ್ಲ' ಎಂದರೆ 'ಈ ದೋಷ ಇಲ್ಲ' ಎಂದಷ್ಟೇ ಅರ್ಥ, 'ಒಳ್ಳೆಯದು' ಎಂದಲ್ಲ. ಆ ಮೂವರಿಗೆ ಮಾವ ಇದನ್ನು ಹೇಗೆ ಹೇಳಿದರು ಎಂದರೆ, "ಇದಕ್ಕೆ ಅಪ್ಪ ಅಮ್ಮ ಯಾರೂ ಇಲ್ಲ, ಬದಲಾಯಿಸ್ಕಳಿ."

ಈಗ ಇದನ್ನೆಲ್ಲ ಬರೆಯಲು ಕಾರಣ ಕಳೆದ ವರ್ಷ ನನ್ನ ಮೇಜಿಗೆ ಬಂದ ಒಂದು ಕೆಲಸ. ಕಂಪನಿಗಳ ಲೇಬಲ್ಲು, ಬಳಕೆಯ ಕೈಪಿಡಿ, ಪ್ರಕಟಣೆಗಳನ್ನು ಕನ್ನಡಕ್ಕೆ ತರುವುದು ನನ್ನ ಜೀವನೋಪಾಯ. ಒಂದು ಸಣ್ಣ ಕಂಪನಿ, ಹೆಸರು ಬೇಡ, ಎಲೆಕ್ಟ್ರಿಕ್ ಕೆಟಲ್ ಮಾರುತ್ತದೆ. ನೀರು ಕುದಿದ ಕೂಡಲೆ ಟಕ್ ಎಂದು ತಾನೇ ಆರಿಹೋಗಬೇಕಾದ ಸ್ವಿಚ್ಚು ಕೆಲವು ಕೆಟಲ್‌ಗಳಲ್ಲಿ ಕೈಕೊಡುತ್ತಿತ್ತು. ಈ ಸ್ವಿಚ್ಚಿನೊಳಗೆ ಎರಡು ಲೋಹಗಳನ್ನು ಬೆಸೆದ ಒಂದು ತೆಳ್ಳನೆಯ ಪಟ್ಟಿ ಇರುತ್ತದೆ. ಆವಿಯ ಬಿಸಿ ತಾಗಿದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗಿ ಕರೆಂಟು ಕಡಿಯುತ್ತದೆ. ಪಟ್ಟಿ ಬಾಗದಿದ್ದರೆ ನೀರು ಆವಿಯಾಗಿ ಮುಗಿಯುವವರೆಗೂ ಕುದಿಯುತ್ತದೆ, ಆಮೇಲೆ ಖಾಲಿ ಪಾತ್ರೆ ಕಾಯುತ್ತದೆ, ಹಿಡಿಯ ಪ್ಲಾಸ್ಟಿಕ್ ಕರಗುತ್ತದೆ. ಕಂಪನಿಯವರು ಕಳಿಸಿದ ಕರಡು ಹೀಗಿತ್ತು:

'ಗ್ರಾಹಕರ ಸುರಕ್ಷತೆಯೇ ನಮ್ಮ ಆದ್ಯತೆಯಾಗಿದ್ದು, ಕೆಲವು ಅಪರೂಪದ ಸಂದರ್ಭಗಳಲ್ಲಿ ಉತ್ಪನ್ನದ ಕಾರ್ಯನಿರ್ವಹಣೆಯಲ್ಲಿ ವ್ಯತ್ಯಯ ಉಂಟಾಗಬಹುದಾದ ಸಾಧ್ಯತೆಯ ಹಿನ್ನೆಲೆಯಲ್ಲಿ ಮುನ್ನೆಚ್ಚರಿಕೆಯ ಕ್ರಮವಾಗಿ ಸ್ವಯಂಪ್ರೇರಿತವಾಗಿ ಕೆಳಕಂಡ ಬ್ಯಾಚ್‌ಗಳ ಕೆಟಲ್‌ಗಳನ್ನು ಹಿಂಪಡೆಯಲು ತೀರ್ಮಾನಿಸಲಾಗಿದ್ದು, ಸದರಿ ಉತ್ಪನ್ನವನ್ನು ಬಳಸದಿರಲು ಗ್ರಾಹಕರಲ್ಲಿ ಕೋರಲಾಗಿದೆ.'

ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಎನ್ನುವುದನ್ನು ಈ ಕರಡು ಬರೆದವರು ಮರೆತಿದ್ದಾರೆ. ಇಂಗ್ಲಿಷಿನ ಪ್ರಕಟಣೆಯಲ್ಲಿ 'ನಿಲ್ಲಿಸಿ' ಎಂಬ ಪದ ಎಲ್ಲಕ್ಕಿಂತ ಮೊದಲು ಬರಬಹುದು, ಉಳಿದ ವಿವರ ಅದರ ಬಾಲ ಹಿಡಿದು ಬರುತ್ತದೆ. ಅದನ್ನೇ ಕನ್ನಡದಲ್ಲಿ ಒಂದೇ ವಾಕ್ಯ ಮಾಡಿದರೆ ಬ್ಯಾಚು, ತಿಂಗಳು, ಹಿನ್ನೆಲೆ ಎಲ್ಲ ಮುಂದೆ ಬಂದು ಕೂರುತ್ತವೆ, 'ಬಳಸಬೇಡಿ' ಎಂಬುದು ತುದಿಗೆ ಹೋಗುತ್ತದೆ. ಓದುವವನು ಅಲ್ಲಿಯವರೆಗೆ ಬರುವುದಿಲ್ಲ. ಬಂದರೂ ಅವನಿಗೆ ಸಿಗುವುದು 'ಕೋರಲಾಗಿದೆ'. ಯಾರು ಕೋರಿದರು, ಯಾರಿಗೆ ಎಂದು ಗೊತ್ತಾಗದ ಈ ಕ್ರಿಯಾಪದ ತಾಲ್ಲೂಕು ಕಚೇರಿಯ ಗೋಡೆಯಲ್ಲಿ ನಮಗೆಲ್ಲ ಪರಿಚಯವಿದೆ. ಅದನ್ನು ಓದಿದ ತಕ್ಷಣ ಇದು ನನಗಲ್ಲ ಎಂದುಕೊಂಡು ಮುಂದೆ ಹೋಗುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

'ಅಪರೂಪದ', 'ಮುನ್ನೆಚ್ಚರಿಕೆಯ', 'ಸ್ವಯಂಪ್ರೇರಿತ' ಎಂಬ ಪದಗಳ ಬಗ್ಗೆ ಕಂಪನಿಯ ಕಾನೂನು ಸಲಹೆಗಾರರ ಜೊತೆ ಫೋನಿನಲ್ಲಿ ಸಾಕಷ್ಟು ಹೊತ್ತು ವಾದವಾಯಿತು. "ಜನ ಹೆದರಬಾರದಲ್ಲ ಸಾರ್, ಶಾಂತವಾಗಿ ಹೇಳಬೇಕು" ಎಂದು ಅವರು. ಶಾಂತವಾಗಿ ಹೇಳುವುದು ಬೇರೆ, ಮೆತ್ತಗೆ ಹೇಳುವುದು ಬೇರೆ ಎಂದು ನಾನು. ಈ ವಾದ ನಾವಿಬ್ಬರೇ ಹುಟ್ಟಿಸಿದ್ದೇನೂ ಅಲ್ಲ. ಅಮೆರಿಕದಲ್ಲಿ ಸರ್ಕಾರವೇ ಆದೇಶ ಮಾಡಿ ಹೊರಡಿಸುವ ಪ್ರಕಟಣೆಗಳಲ್ಲಿ 'ರೀಕಾಲ್' ಎಂಬ ಪದ ತಲೆಬರಹದಲ್ಲೂ ಒಳಗೂ ಇರಲೇಬೇಕು ಎಂದು 2010ರಲ್ಲೇ ನಿಯಮ ಬಂತು. ಯುರೋಪಿನ ಒಕ್ಕೂಟ ಇನ್ನೂ ಮುಂದೆ ಹೋಯಿತು. 2024ರ ಡಿಸೆಂಬರ್ 13ರಿಂದ ಜಾರಿಗೆ ಬಂದ ಅಲ್ಲಿಯ ಉತ್ಪನ್ನ ಸುರಕ್ಷತಾ ಕಾನೂನು, ಅಪಾಯವನ್ನು ಕಡಿಮೆ ಎನಿಸುವ ಪದಗಳನ್ನು ಬಳಸಬಾರದು ಎಂದು ಹೆಸರು ಹಿಡಿದೇ ಹೇಳುತ್ತದೆ. ಸ್ವಯಂಪ್ರೇರಿತ, ಮುನ್ನೆಚ್ಚರಿಕೆಗಾಗಿ, ಅಪರೂಪದ ಸಂದರ್ಭದಲ್ಲಿ ಎನ್ನುವಂಥವು ಆ ಪಟ್ಟಿಯಲ್ಲಿವೆ. ಈವರೆಗೆ ಯಾವ ಅಪಘಾತವೂ ವರದಿಯಾಗಿಲ್ಲ ಎಂದು ಬರೆಯುವುದೂ ಸಲ್ಲದು. ಆ ಲೆಕ್ಕದಲ್ಲಿ 2007ರ ನೋಕಿಯಾ ಪ್ರಕಟಣೆಯ ಅರ್ಧ ವಾಕ್ಯಗಳು ಇವತ್ತು ಅಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಕಲಂ, ಅಪಾಯಕಾರಿ ವಸ್ತುಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಗ್ರಾಹಕನಿಗೆ ಹೇಳುವ ವಾಕ್ಯ ಹೇಗಿರಬೇಕು ಎಂಬುದು ಆ ಕಲಂನಲ್ಲಿ ಇಲ್ಲ. ಹಾಗಾಗಿ ಅದು ನನ್ನಂಥವನ ಮತ್ತು ವಕೀಲರ ನಡುವಿನ ಫೋನ್ ಮಾತಿಗೆ ಬಿಟ್ಟದ್ದು.

ಅಂಗಡಿಗಳ ಗೋಡೆಗೆ ಅಂಟಿಸಲು, ವಾಟ್ಸಾಪಿನಲ್ಲಿ ಕಳಿಸಲು ಒಂದು ಫೋಟೋ, ಅದರ ಕೆಳಗೆ ನಾಲ್ಕೈದು ಸಾಲು. ಇಷ್ಟೇ ಜಾಗ. ಫೋಟೋ ಕೆಟಲ್‌ನ ಮುಂಭಾಗದ್ದಲ್ಲ, ಬುಡದ್ದೇ ಆಗಬೇಕು, ಬ್ಯಾಚ್ ಸಂಖ್ಯೆಯ ಮೇಲೆ ಕೆಂಪು ವೃತ್ತ ಇರಬೇಕು ಎಂದು ಹಟ ಮಾಡಿದೆ. ಮುಂಭಾಗ ಎಲ್ಲ ಕೆಟಲ್‌ಗಳದ್ದೂ ಒಂದೇ ಥರ. ಅದನ್ನು ಹಾಕಿದರೆ ಚೆನ್ನಾಗಿರುವ ಕೆಟಲ್ ಇಟ್ಟುಕೊಂಡವರೂ ಹೆದರುತ್ತಾರೆ. ಸಾಲುಗಳು ಮೊದಲ ಸಲ ಹೀಗಾದವು:

'ಈ ಕೆಟಲ್ ಬಳಸಬೇಡಿ. ವಾಪಸ್ ಕೊಟ್ಟು ಹೊಸದು ಪಡೆಯಿರಿ. ಕೆಟಲ್ ಮಗುಚಿ ಬುಡ ನೋಡಿ…'

ಇದನ್ನು ನನ್ನ ಹೆಂಡತಿಗೆ ಕೊಟ್ಟು, ಓದಿದ ಹಾಗೇ ಮಾಡು ನೋಡೋಣ ಎಂದೆ. ಕರಡನ್ನು ಯಾರ ಕೈಲಾದರೂ ಮಾಡಿಸಿ ನೋಡದೆ ಕಳಿಸುವುದಿಲ್ಲ ಎಂಬುದು ನನ್ನ ಪದ್ಧತಿ. ಅವಳು ಅಡುಗೆಮನೆಗೆ ಹೋಗಿ ನಮ್ಮ ಕೆಟಲ್ ಎತ್ತಿಕೊಂಡವಳು ಅಲ್ಲೇ ನಿಂತು, "ಇದರಲ್ಲಿ ಬಿಸಿನೀರು ಐತಲ್ರೀ, ಮಗುಚೋದು ಹೆಂಗೆ?" ಎಂದಳು. ಸುಡುವ ಅಪಾಯದ ಬಗ್ಗೆ ಹೇಳುವ ಪ್ರಕಟಣೆಯೇ ಮಾತು ಕೇಳಿದವರ ಕಾಲ ಮೇಲೆ ಕುದಿಯುವ ನೀರು ಸುರಿಸಬಹುದಿತ್ತು. ಕೈ ಯಾವ ಕ್ರಮದಲ್ಲಿ ಓಡಾಡುತ್ತದೋ ಅದೇ ಕ್ರಮದಲ್ಲಿ ವಾಕ್ಯಗಳು ಬರಬೇಕು. ಎರಡನೆಯ ಸಲದ್ದು ಇದು:

'ಈ ಕೆಟಲ್ ಬಳಸಬೇಡಿ. ನೀರು ಕುದಿದ ಮೇಲೂ ತಾನಾಗಿ ಆರುವುದಿಲ್ಲ, ಬೆಂಕಿ ಹತ್ತಬಹುದು.
ಮೊದಲು ಪ್ಲಗ್ ತೆಗೆಯಿರಿ. ಆರಲು ಬಿಡಿ. ನೀರು ಚೆಲ್ಲಿ. ಆಮೇಲೆ ಬುಡ ನೋಡಿ.
ಬುಡದಲ್ಲಿ ಚಿತ್ರದಲ್ಲಿರುವ ಸಂಖ್ಯೆ ಇದ್ದರೆ, ಕೊಂಡ ಅಂಗಡಿಗೆ ಅಥವಾ ನಮ್ಮ ಯಾವುದೇ ಅಂಗಡಿಗೆ ಕೊಡಿ. ಹೊಸ ಕೆಟಲ್ ಅಥವಾ ಪೂರ್ತಿ ದುಡ್ಡು ಕೊಡುತ್ತೇವೆ. ಬಿಲ್ ಬೇಕಿಲ್ಲ.
ಬೇರೆ ಸಂಖ್ಯೆ ಇದ್ದರೆ ಈ ದೋಷ ನಿಮ್ಮ ಕೆಟಲ್‌ಗೆ ಇಲ್ಲ. ಎಂದಿನಂತೆ ಬಳಸಿ.
ದೋಷವಿರುವ ಕೆಟಲನ್ನು ಯಾರಿಗೂ ಕೊಡಬೇಡಿ, ಗುಜರಿಗೂ ಹಾಕಬೇಡಿ.'

'ಹಿಂಪಡೆಯುವಿಕೆ' ಎಂಬ ಪದವನ್ನು ತಲೆಬರಹಕ್ಕೆ ಇಟ್ಟೆವು. ಪತ್ರಿಕೆಗಳು ಬಳಸಿ ಅದು ಒಂದು ಮಟ್ಟಿಗೆ ಚಾಲ್ತಿಗೆ ಬಂದಿದೆ. ಸಾಲುಗಳ ಒಳಗೆ ಮಾತ್ರ 'ವಾಪಸ್ ಕೊಡಿ' ಎಂಬ ಅರ್ಥದ ಮಾತೇ ಸಾಕು. ಹಿಂಪಡೆಯುವುದು ಕಂಪನಿಯ ಕೆಲಸ, ವಾಪಸ್ ಕೊಡುವುದು ನನ್ನ ಕೆಲಸ. ಓದುವವನಿಗೆ ಬೇಕಾದದ್ದು ಎರಡನೆಯದು.

ವಕೀಲರು ಹೆಚ್ಚು ತಕರಾರು ಮಾಡಿದ್ದು ಬೆಂಕಿಯ ಬಗ್ಗೆ ಅಲ್ಲ ಎನ್ನುವುದು ನನಗೆ ಆಶ್ಚರ್ಯ. ಅವರಿಗೆ ಬೇಡವಾಗಿದ್ದದ್ದು ಎರಡು ಸಾಲು. 'ಎಂದಿನಂತೆ ಬಳಸಿ' ಎಂದು ಬರೆದುಕೊಟ್ಟರೆ ನಾಳೆ ಇನ್ನೊಂದು ಬ್ಯಾಚಿನಲ್ಲಿ ಏನಾದರೂ ಆದರೆ ಯಾರು ಹೊಣೆ ಎಂಬುದು ಒಂದು. ಅದಕ್ಕೇ ಹಿಂದೆ 'ಈ ದೋಷ ಇಲ್ಲ' ಎಂದು ಸೇರಿಸಿದ್ದೇನೆ ನೋಡಿ ಎಂದೆ. ಆ ಸಾಲು ತೆಗೆದರೆ ಹೊಡೆತ ಬೀಳುವುದು ಚೆನ್ನಾಗಿರುವ ಕೆಟಲ್ ಇಟ್ಟುಕೊಂಡಿರುವ ದೊಡ್ಡ ಸಂಖ್ಯೆಯ ಜನರಿಗೆ. ಅವರೆಲ್ಲ ಅಂಗಡಿಗೆ ಬಂದು ಸಾಲು ನಿಂತರೆ ನಿಜವಾಗಿ ಬದಲಿಸಬೇಕಾದವನ ಸರದಿ ಯಾವಾಗ ಬಂದೀತು? ಇಲ್ಲವೇ ಎಲ್ಲರೂ ಅಸಡ್ಡೆ ಮಾಡುತ್ತಾರೆ. ನಿಮ್ಮದಲ್ಲ ಎಂದು ಹೇಳುವ ಸಾಲು ಇದ್ದಾಗಲೇ ನಿಮ್ಮದು ಎಂದು ಹೇಳುವ ಸಾಲಿಗೆ ತೂಕ ಬರುವುದು. ಒಂದು ಗಂಟೆ ಯೋಚಿಸಿ ಒಪ್ಪಿದರು.

ಇನ್ನೊಂದು 'ಬಿಲ್ ಬೇಕಿಲ್ಲ' ಎನ್ನುವುದು. ಬಿಲ್ ಇಲ್ಲದೆ ಕೊಟ್ಟರೆ ಸುಳ್ಳು ಹೇಳಿಕೊಂಡು ಬರುವವರು ಇರುತ್ತಾರೆ ಎಂದರು. ಸಂಖ್ಯೆ ಬುಡದಲ್ಲೇ ಒತ್ತಿ ಅಚ್ಚಾಗಿರುವಾಗ ಸುಳ್ಳು ಹೇಳುವುದಾದರೂ ಹೇಗೆ ಎಂದು ಕೇಳಿದೆ. ಮದುವೆಯಲ್ಲಿ ಮುಯ್ಯಿಗೆ ಬಂದದ್ದು, ಘಾಟಿ ಜಾತ್ರೆಗೆ ಹೋದಾಗ ಯಾರೋ ಕೊಡಿಸಿದ್ದು, ಅಕ್ಕನ ಮನೆಯಿಂದ ತಂದದ್ದು, ಇವಕ್ಕೆಲ್ಲ ಬಿಲ್ ಎಲ್ಲಿರುತ್ತದೆ? ನಮ್ಮ ಕಡೆ ಒಂದು ಸಾಮಾನು ಕೆಟ್ಟಿತೆಂದರೆ ಅದು ಮನೆ ಬಿಟ್ಟು ಹೋಗುವುದಿಲ್ಲ, ಇನ್ನೊಂದು ಮನೆಗೆ ಹೋಗುತ್ತದೆ. ಸ್ವಿಚ್ಚು ಆರದ ಕೆಟಲನ್ನು 'ನೀವೇ ಆರಿಸ್ಕೊಂಡ್ರೆ ಆಯ್ತು' ಎಂದು ತೋಟದ ಮನೆಯಲ್ಲಿ ಇರುವವರಿಗೆ ಕೊಟ್ಟುಬಿಡುತ್ತಾರೆ. ಕೊನೆಯ ಸಾಲು ಇರುವುದು ಆ ಕೈಗಾಗಿ.

ಬೆಂಕಿಯ ಸಾಲನ್ನು ಅವರು ಮುಟ್ಟಲಿಲ್ಲ. 'ಹತ್ತಬಹುದು' ಎನ್ನುವಲ್ಲಿ 'ಬಹುದು' ಇದೆ, ಅಷ್ಟು ಸಾಕು ಎಂದರು. ನನಗೂ ಅಷ್ಟೇ ಸಾಕಿತ್ತು. ಅದು ಮೆತ್ತಗೆ ಮಾಡುವ 'ಬಹುದು' ಅಲ್ಲ, ನಿಜವಾದ 'ಬಹುದು'. ಎಲ್ಲ ಕೆಟಲಿಗೂ ಬೆಂಕಿ ಹತ್ತುವುದಿಲ್ಲವಲ್ಲ.

ಪೋಸ್ಟರು ಅಚ್ಚಾಗಿ ಬಂತು. ನೋಡಿದರೆ ಕಂಪನಿಯ ಲಾಂಛನದ ಪಕ್ಕದಲ್ಲಿ ಯಾರೋ ಸಣ್ಣಗೆ 'ಗಾಬರಿಯಾಗಬೇಡಿ' ಎಂದು ಸೇರಿಸಿದ್ದರು. ಫೋನ್ ಮಾಡಿ ತೆಗೆಸಿದೆ. ಆ ಜಾಗ ಖಾಲಿ ಬಿಡುವುದು ಬೇಡ ಎಂದು ಅವರು ಒತ್ತಾಯಿಸಿದ್ದಕ್ಕೆ ಸಹಾಯವಾಣಿಯ ಸಂಖ್ಯೆಯನ್ನು ಎರಡು ಪಟ್ಟು ದೊಡ್ಡದು ಮಾಡಿ, ಕೆಳಗೆ 'ಕನ್ನಡದಲ್ಲಿ ಮಾತನಾಡುತ್ತೇವೆ, ಬೆಳಿಗ್ಗೆ 9ರಿಂದ ರಾತ್ರಿ 8' ಎಂದು ಹಾಕಿಸಿದೆ.